ಜ್ವರ ಇಳಿದರೆ ಕಾಯಿಲೆ ಸಿಕ್ಕಿದಂತಲ್ಲ

ಜ್ವರ ಅಂದರೆ ನಮ್ಮಂಥವರಿಗೆ ಹೆಚ್ಚೆಂದರೆ ಐದು ದಿನದ ವ್ಯವಹಾರ. ಮೊದಲ ದಿನ ಪ್ಯಾರಾಸಿಟಮಾಲ್ ನುಂಗಿ ಲ್ಯಾಪ್‌ಟಾಪ್ ತೆಗೀತೀವಿ. ಎರಡನೇ ದಿನ ಮ್ಯಾನೇಜರ್‌ಗೆ ಮೆಸೇಜ್ ಹಾಕಿ ಮಲಗ್ತೀವಿ. ಮೂರನೇ ದಿನ ರಕ್ತ ಪರೀಕ್ಷೆ. ವೈರಲ್ಲೋ, ಡೆಂಗಿಯೋ, ಟೈಫಾಯ್ಡೋ, ಏನೋ ಒಂದು ಹೆಸರು ಸಿಗುತ್ತೆ. ಹೆಸರು ಸಿಗದಿದ್ದರೂ ಅಷ್ಟರಲ್ಲಿ ಜ್ವರವೇ ಹೋಗಿರುತ್ತೆ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ.

ತೊಂದರೆ ಇರೋದು ಹೋಗದ ಜ್ವರದಲ್ಲಿ. ಎರಡು ವಾರ ಆಯ್ತು, ಮೂರು ವಾರ ಆಯ್ತು, ರಿಪೋರ್ಟುಗಳ ಕಡತ ದಪ್ಪ ಆಗ್ತಾ ಹೋಯ್ತು, ಆದರೂ ಸಂಜೆ ಆದರೆ ಮೈ ಬಿಸಿ. ಇಂಥ ಜ್ವರಕ್ಕೆ ಡಾಕ್ಟರುಗಳು ಕೇಸ್ ಶೀಟಿನಲ್ಲಿ ಪಿಯುಓ ಅಂತ ಬರೀತಾರೆ. ಅಂದರೆ ಮೂಲ ತಿಳಿಯದ ಜ್ವರ. ಇದು ಕಾಯಿಲೆಯ ಹೆಸರಲ್ಲ, ಕಾಯಿಲೆಯ ಹೆಸರು ಇನ್ನೂ ಸಿಕ್ಕಿಲ್ಲ ಅನ್ನೋದರ ಹೆಸರು. ಆದರೆ ಕೈಚೆಲ್ಲಿ ಬರೆಯೋ ಪದವೂ ಅಲ್ಲ. ಅದಕ್ಕೆ ಲೆಕ್ಕ ಇದೆ. 1961ರಲ್ಲಿ ಅಮೆರಿಕದ ಪೀಟರ್ಸ್‌ಡಾರ್ಫ್ ಮತ್ತು ಬೀಸನ್ ಅನ್ನೋ ಇಬ್ಬರು ವೈದ್ಯರು ಇಂಥ ನೂರು ರೋಗಿಗಳ ಬಗ್ಗೆ ಬರೆದಾಗ ಮೂರು ಷರತ್ತು ಹಾಕಿದರು: ಜ್ವರ 101 ಡಿಗ್ರಿ ದಾಟಿರಬೇಕು, ಅದೂ ಹಲವು ಸಲ, ಮೂರು ವಾರಕ್ಕಿಂತ ಹೆಚ್ಚು ಕಾಲ ಇರಬೇಕು, ಆಸ್ಪತ್ರೆಯಲ್ಲಿ ಒಂದು ವಾರ ಹುಡುಕಿದ ಮೇಲೂ ಕಾರಣ ಸಿಕ್ಕಿರಬಾರದು. 1991ರಲ್ಲಿ ಈ ಕೊನೆಯ ಷರತ್ತನ್ನು ಸಡಿಲಿಸಿ, ಮೂರು ದಿನ ಆಸ್ಪತ್ರೆಯಲ್ಲಿ ಅಥವಾ ಮೂರು ಸಲ ಹೊರರೋಗಿಯಾಗಿ ನೋಡಿದ ಮೇಲೂ ಗೊತ್ತಾಗದಿದ್ದರೆ ಸಾಕು ಅಂತ ಮಾಡಿದರು. ಮೂರು ವಾರ ಅನ್ನೋ ಗಡುವು ಯಾಕೆ ಅಂದರೆ, ತಾನಾಗಿ ಹೋಗುವ ಸಾಮಾನ್ಯ ಜ್ವರಗಳೆಲ್ಲ ಅಷ್ಟರಲ್ಲಿ ಹೋಗಿರುತ್ತವೆ. ಉಳಿದದ್ದನ್ನು ಮಾತ್ರ ಹುಡುಕಿದರಾಯ್ತು.

ಈ ಹುಡುಕಾಟ ಹೇಗೆ ನಡೆಯುತ್ತೆ ಅನ್ನೋದನ್ನ ನಾನು ನೋಡಿದ್ದು ನಮ್ಮ ಚಿಕ್ಕಪ್ಪನ ಪಕ್ಕದಲ್ಲಿ ಕೂತು.

ನಮ್ಮೂರು ಗೊರವನಹಳ್ಳಿ, ಕೊರಟಗೆರೆ ತಾಲ್ಲೂಕು. ಮಹಾಲಕ್ಷ್ಮಿ ದೇವಸ್ಥಾನದಿಂದ ನಿಮಗೂ ಗೊತ್ತಿರಬಹುದು. ಶುಕ್ರವಾರ ಬಂದರೆ ಬೆಂಗಳೂರಿನ ಕಾರುಗಳು ಸಾಲುಗಟ್ಟುತ್ತವೆ. ಆ ಸಾಲು ದಾಟಿ ಹೊಲದ ಕಡೆ ನಡೆದರೆ ಇನ್ನೊಂದು ಸಾಲು, ಅದು ಕುರಿಗಳದ್ದು. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ, ಈ ನಾಲ್ಕೂ ತಾಲ್ಲೂಕಿನಲ್ಲಿ ಮಳೆ ನಂಬಿ ಕೂತವರಿಗಿಂತ ಕುರಿ ನಂಬಿದವರು ಸ್ವಲ್ಪ ನೆಮ್ಮದಿಯಾಗಿರ್ತಾರೆ. ಚಿಕ್ಕಪ್ಪನದು ಮೂವತ್ತಾರು ಕುರಿ, ನಾಲ್ಕು ಮೇಕೆ. ವಯಸ್ಸು ಐವತ್ತನಾಲ್ಕು. ಶಿವರಾತ್ರಿ ಕಳೆದ ವಾರ ಅವರಿಗೆ ಜ್ವರ ಶುರುವಾಯ್ತು.

ಮೊದಲು ಹತ್ತಿರದ ಕ್ಲಿನಿಕ್ಕು. ಎರಡು ಇಂಜೆಕ್ಷನ್, ನಾಲ್ಕು ದಿನಕ್ಕೆ ಮಾತ್ರೆ. ಇಳೀಲಿಲ್ಲ. ವೈಡಲ್ ಪರೀಕ್ಷೆ ಮಾಡಿಸಿದರು, 'ಪಾಸಿಟಿವ್' ಅಂತ ಬಂತು, ಟೈಫಾಯ್ಡ್ ಅಂದರು. ಹತ್ತು ದಿನದ ಔಷಧಿ. ಏಳನೇ ದಿನಕ್ಕೆ ಜ್ವರ ಇಳೀತು, ಮನೆಯವರೆಲ್ಲ ಉಸ್ಸಪ್ಪಾ ಅಂದರು. ಎಂಟು ದಿನ ಬಿಟ್ಟು ಮತ್ತೆ ಬಂತು, ಈ ಸಲ ಸೊಂಟನೋವಿನ ಜೊತೆ. ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿ ಐದು ದಿನ ಡ್ರಿಪ್‌ನಲ್ಲಿ ದೊಡ್ಡ ಆಂಟಿಬಯಾಟಿಕ್ ಹಾಕಿದರು. ಡೆಂಗಿ ಇಲ್ಲ, ಮಲೇರಿಯಾ ಇಲ್ಲ, ಎದೆಯ ಎಕ್ಸ್‌ರೇ ಸರಿ ಇದೆ. ಜ್ವರ ಇಳೀತು. ಮನೆಗೆ ಬಂದ ಆರನೇ ದಿನಕ್ಕೆ ಮತ್ತೆ ಹಾಜರ್. ಅಷ್ಟು ಹೊತ್ತಿಗೆ ಐದು ವಾರ ಕಳೆದು, ಒಂಬತ್ತು ಕೇಜಿ ತೂಕ ಇಳಿದು, ಆಸ್ಪತ್ರೆ ಖರ್ಚಿಗೆ ಏಳು ಕುರಿ ಮಾರಿದ್ದರು. ಕೊನೆಗೆ ಅಲ್ಲಿ ಬಂದ ಸಲಹೆ: "ಟಿಬಿ ಇರಬಹುದು. ಟಿಬಿ ಮಾತ್ರೆ ಶುರು ಮಾಡಿ ನೋಡೋಣ, ಇಳಿದರೆ ಅದೇ."

'ಇಳಿದರೆ ಅದೇ' ಅನ್ನೋ ಈ ಎರಡು ಪದಗಳ ತರ್ಕವೇ ಈ ಲೇಖನದ ವಿಷಯ.

ಉಗಾದಿಯ ಮೂರನೇ ದಿನ ಚಿಕ್ಕಪ್ಪನನ್ನ ಬೆಂಗಳೂರಿಗೆ ಕರ್ಕೊಂಡು ಬಂದು ಒಂದು ಮೆಡಿಕಲ್ ಕಾಲೇಜಿನ ಜನರಲ್ ಮೆಡಿಸಿನ್ ವಿಭಾಗಕ್ಕೆ ತೋರಿಸಿದೆವು. ನೋಡಿದವರು ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಡಾಕ್ಟರಮ್ಮ. ಕಡತ ತೆಗೆದು ಒಂದೊಂದೇ ಹಾಳೆ ಓದಿ ಪಕ್ಕಕ್ಕಿಟ್ಟರು. ಆಮೇಲೆ ಮೊದಲು ಮಾಡಿದ್ದು ಹೊಸ ಪರೀಕ್ಷೆ ಬರೆಯೋದಲ್ಲ, ನಡೀತಿದ್ದ ಔಷಧಿಗಳನ್ನ ನಿಲ್ಲಿಸೋದು. ಆಂಟಿಬಯಾಟಿಕ್, ನೋವಿನ ಮಾತ್ರೆ, ಯಾರೋ ಕೊಟ್ಟಿದ್ದ ಟಾನಿಕ್, ಎಲ್ಲವೂ ಬಂದ್. ತೀರಾ ತಡೆಯೋಕಾಗದಿದ್ದರೆ ಮಾತ್ರ ಪ್ಯಾರಾಸಿಟಮಾಲ್, ಅದೂ ಜ್ವರ ಅಳೆದು ಬರೆದಿಟ್ಟ ಮೇಲೆ.

ನಮ್ಮ ಕೆಲಸದವರಿಗೆ ಇದು ಬೇಗ ಅರ್ಥವಾಗುತ್ತೆ. ಐದು ಬದಲಾವಣೆ ಒಟ್ಟಿಗೆ ಹೋಗಿರೋ ಸಿಸ್ಟಮ್ಮಿನಲ್ಲಿ ಬಗ್ ಎಲ್ಲಿದೆ ಅಂತ ಹುಡುಕೋಕಾಗಲ್ಲ, ಮೊದಲು ಎಲ್ಲವನ್ನೂ ಹಿಂದಕ್ಕೆ ತೆಗೀಬೇಕು. ಜ್ವರದಲ್ಲಿ ಇದಕ್ಕೆ ಎರಡು ಕಾರಣ. ಒಂದು, ಔಷಧಿಯಿಂದಲೇ ಜ್ವರ ಬರೋದುಂಟು. ಕೆಲವು ಆಂಟಿಬಯಾಟಿಕ್, ಕೆಲವು ಫಿಟ್ಸ್ ಮಾತ್ರೆ ವಾರಗಟ್ಟಲೆ ಜ್ವರ ತರಿಸಬಲ್ಲವು. ನಿಲ್ಲಿಸಿದರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಹೋಗುತ್ತೆ. ಎರಡು, ಆಂಟಿಬಯಾಟಿಕ್ ನಡೀತಿರುವಾಗ ರಕ್ತ ತೆಗೆದು ಕಲ್ಚರ್‌ಗೆ ಹಾಕಿದರೆ ಅರೆಜೀವ ಆಗಿರೋ ಕ್ರಿಮಿ ಬಾಟಲಿಯಲ್ಲಿ ಬೆಳೆಯೋದಿಲ್ಲ. ಕಾಯಿಲೆ ಹೋಗಿರೋದಿಲ್ಲ, ಸಾಕ್ಷಿ ಮಾತ್ರ ಹೋಗಿರುತ್ತೆ.

ಮೂರು ದಿನ ನಾಲ್ಕು ಗಂಟೆಗೊಮ್ಮೆ ಅಳೆದು ಬರೆದೆವು. ಬೆಳಿಗ್ಗೆ 98, ಮಧ್ಯಾಹ್ನ 99ರ ಆಸುಪಾಸು, ಸಂಜೆ ಆರರ ಮೇಲೆ ಚಳಿ, ರಾತ್ರಿ ಎಂಟಕ್ಕೆ 102.6. ನಡುರಾತ್ರಿ ಬನಿಯನ್ ಹಿಂಡುವಷ್ಟು ಬೆವರು. ಔಷಧಿ ಜ್ವರ ಅಲ್ಲ ಅಂತಾಯ್ತು, ಜ್ವರ ನಿಜವಾಗಿ ಇದೆ ಅಂತಲೂ ಆಯ್ತು. ಈ ಎರಡನೆಯದೂ ಸಣ್ಣ ವಿಷಯವಲ್ಲ. 'ಒಳಜ್ವರ' ಅಂತ ಬರುವ ಎಷ್ಟೋ ಮಂದಿಯ ಮೈ ಬಿಸಿ ಥರ್ಮಾಮೀಟರಿನಲ್ಲಿ 99 ದಾಟಿರೋದಿಲ್ಲವಂತೆ.

ಎರಡನೇ ಹಂತ ಮಾತುಕತೆ. ಡಾಕ್ಟರಮ್ಮ ಒಂದು ಖಾಲಿ ಹಾಳೆಯಲ್ಲಿ ಎರಡು ಗೀಟು ಎಳೆದು ನಾಲ್ಕು ಖಾನೆ ಮಾಡಿದರು. ಮೂಲ ತಿಳಿಯದ ಜ್ವರಗಳಿಗೆ ನೂರಾರು ಕಾರಣಗಳಿದ್ದರೂ ಎಲ್ಲವೂ ಈ ನಾಲ್ಕರಲ್ಲಿ ಕೂರುತ್ತವೆ. ಮೊದಲನೆಯದು ಸೋಂಕು. ನಮ್ಮ ದೇಶದಲ್ಲಿ ಇದೇ ದೊಡ್ಡ ಖಾನೆ, ಅದರೊಳಗೆ ಟಿಬಿಯದೇ ದೊಡ್ಡ ಪಾಲು. ಅದರಲ್ಲೂ ಶ್ವಾಸಕೋಶ ಬಿಟ್ಟು ಹೊಟ್ಟೆ, ಬೆನ್ನುಮೂಳೆ, ಗಂಟುಗಳಲ್ಲಿ ಅಡಗಿರೋ ಟಿಬಿ. ಯಕೃತ್ತಿನಲ್ಲಿ ಕೀವು, ಹೃದಯದ ಕವಾಟದಲ್ಲಿ ಸೋಂಕು ಇವೂ ಇಲ್ಲಿಯೇ. ಎರಡನೆಯದು ಕ್ಯಾನ್ಸರ್, ಮುಖ್ಯವಾಗಿ ಲಿಂಫೋಮಾದಂಥ ರಕ್ತ ಮತ್ತು ದುಗ್ಧಗ್ರಂಥಿಗಳ ಕ್ಯಾನ್ಸರ್. ಮೂರನೆಯದು ಮೈಯ ರಕ್ಷಣಾ ವ್ಯವಸ್ಥೆ ತನ್ನ ಮೈಯ ಮೇಲೆಯೇ ತಿರುಗಿಬೀಳೋ ಉರಿಯೂತದ ಕಾಯಿಲೆಗಳು: ಲೂಪಸ್, ದೊಡ್ಡವರಲ್ಲಿ ಬರುವ ಸ್ಟಿಲ್ಸ್ ಕಾಯಿಲೆ, ವಯಸ್ಸಾದವರಲ್ಲಿ ಕಣತಲೆಯ ರಕ್ತನಾಳ ಊದಿಕೊಳ್ಳೋದು. ನಾಲ್ಕನೆಯದು ಇತರೆ: ಔಷಧಿ ಜ್ವರ, ಥೈರಾಯ್ಡ್ ಉರಿಯೂತ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ. ಎಷ್ಟು ಹುಡುಕಿದರೂ ಕಾರಣ ಸಿಗದೆ ಉಳಿಯುವವರೂ ಇದ್ದಾರೆ. ಅವರಲ್ಲಿ ಹೆಚ್ಚಿನವರ ಜ್ವರ ತಾನಾಗಿಯೇ ಹೋಗುತ್ತೆ ಅನ್ನೋದು ಸಮಾಧಾನದ ಸಂಗತಿ.

ಪ್ರಶ್ನೆಗಳೆಲ್ಲ ಈ ಖಾನೆಗಳಿಗೇ ಸಂಬಂಧಪಟ್ಟಿದ್ದವು. ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತಾ? ಗಂಟು ಎಲ್ಲಾದರೂ ಕಾಣಿಸಿಕೊಂಡಿದೆಯಾ? ಬಾಯಿಹುಣ್ಣು, ಬಿಸಿಲಿಗೆ ಮುಖ ಕೆಂಪಾಗೋದು, ಬೆಳಿಗ್ಗೆ ಎದ್ದಾಗ ಕೀಲು ಹಿಡಿದುಕೊಳ್ಳೋದು ಇದೆಯಾ? ಹಲ್ಲು ಕೀಳಿಸಿದ್ದುಂಟಾ? ಕೊನೆಗೆ ಕೆಲಸದ ವಿಷಯ ಬಂತು.

"ಏನ್ ಕೆಲಸ ಯಜಮಾನ್ರೇ?"

"ಯವಸಾಯ ಕಣವ್ವಾ."

"ದನ ಕರು ಇದಾವಾ?"

"ದನ ಇಲ್ಲ. ಕುರಿ ಅವೆ. ಮೇಕೆ ನಾಕು."

"ಈ ವರ್ಷ ಯಾವುದಾದ್ರೂ ಕಂದು ಹಾಕಿದ್ವಾ?"

ಚಿಕ್ಕಪ್ಪ ಆಶ್ಚರ್ಯದಿಂದ ನೋಡಿದರು. ಐದು ವಾರದಲ್ಲಿ ಕುರಿಯ ವಿಷಯ ಕೇಳಿದ ಮೊದಲ ಡಾಕ್ಟರು ಇವರು. "ಹೂಂ ಕಣವ್ವಾ. ಸಂಕ್ರಾಂತಿ ಆದ್ಮೇಲೆ ಒಂದಾದ್ಮೇಲೊಂದು ಎಂಟು ಕುರಿ ಕಂದು ಹಾಕಿದ್ವು. ಎರಡಕ್ಕೆ ಮಾಸು ಬೀಳ್ಲೇ ಇಲ್ಲ, ನಾನೇ ಕೈ ಹಾಕಿ ತೆಗ್ದೆ."

"ಬರೀ ಕೈಯಲ್ಲಾ?"

"ಇನ್ನೇನು, ಅದ್ಕೂ ಗಲೀಸು ಗ್ಲೌಸು ಹಾಕ್ತಾರಾ?"

"ಹಾಲು ಕಾಯಿಸಿ ಕುಡೀತೀರಾ?"

"ಮನೇಲಿ ಕಾಯ್ಸಿ ಕುಡೀತೀವಿ. ಹೊಲದಲ್ಲಿ ಮೇಕೆ ಕರ್ದಾಗ ನೊರೆಹಾಲು ಹಂಗೇ."

ಹಿಂದಿನ ಕಡತಗಳಲ್ಲೆಲ್ಲ ಉದ್ಯೋಗದ ಮುಂದೆ 'ಕೃಷಿಕ' ಅಂತ ಇತ್ತು. ಅದು ಸುಳ್ಳಲ್ಲ. ಆದರೆ ಆ ಒಂದು ಪದದ ಹಿಂದೆ ಎಂಟು ಕುರಿ ಅಡಗಿದ್ದವು. ಡಾಕ್ಟರಮ್ಮ ಮೊದಲ ಖಾನೆಯಲ್ಲಿ ಟಿಬಿಯ ಕೆಳಗೆ ಇನ್ನೊಂದು ಹೆಸರು ಬರೆದು ಅಡಿಗೆರೆ ಎಳೆದರು: ಬ್ರೂಸೆಲ್ಲೋಸಿಸ್.

ನಮ್ಮ ಪಶುವೈದ್ಯರು ಇದನ್ನ ಕಂದುರೋಗ ಅಂತಾರೆ. ಗಬ್ಬದ ಕುರಿ, ಮೇಕೆ, ದನಗಳ ಗರ್ಭಕೋಶದಲ್ಲಿ ಬ್ರೂಸೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆದು ದಿನ ತುಂಬೋ ಮೊದಲೇ ಕಂದು ಹಾಕಿಸುತ್ತೆ. ಬಿದ್ದ ಮರಿಯಲ್ಲಿ, ಮಾಸಿನಲ್ಲಿ, ಆ ನೀರಿನಲ್ಲಿ ಕ್ರಿಮಿ ತುಂಬಿ ತುಳುಕುತ್ತಿರುತ್ತೆ. ಕೈಯಲ್ಲಿ ಸಣ್ಣ ಗಾಯ ಇದ್ದರೆ, ರೊಪ್ಪದ ಧೂಳಿನ ಜೊತೆ ಉಸಿರಿಗೆ ಹೋದರೆ, ಇಲ್ಲಾ ಹಸಿ ಹಾಲಿನಲ್ಲಿ ಕುಡಿದರೆ ಮನುಷ್ಯನಿಗೆ ಬರುತ್ತೆ. ತಕ್ಷಣ ಬರೋದಿಲ್ಲ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ತಿಂಗಳುಗಳೇ ಆಗಬಹುದು. ಸಂಕ್ರಾಂತಿಯ ಕುರಿಗೂ ಶಿವರಾತ್ರಿಯ ಜ್ವರಕ್ಕೂ ಯಾರೂ ಗಂಟು ಹಾಕದೇ ಇದ್ದದ್ದು ಅದಕ್ಕೇ.

ಈ ಕ್ರಿಮಿಯನ್ನ ಮೊದಲು ಕಂಡದ್ದು ಡೇವಿಡ್ ಬ್ರೂಸ್, 1887ರಲ್ಲಿ, ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಬ್ರಿಟಿಷ್ ಸೈನಿಕರ ಗುಲ್ಮದಲ್ಲಿ. ಕ್ರಿಮಿ ಸಿಕ್ಕರೂ ಅದು ಎಲ್ಲಿಂದ ಬರುತ್ತೆ ಅನ್ನೋದು ಗೊತ್ತಾಗಲು ಇನ್ನೂ 18 ವರ್ಷ ಹಿಡೀತು. 1905ರಲ್ಲಿ ಅಲ್ಲಿಯವರೇ ಆದ ಥೆಮಿಸ್ಟೋಕ್ಲಿಸ್ ಜಮ್ಮಿಟ್ ಆರೋಗ್ಯವಾಗಿ ಕಾಣುತ್ತಿದ್ದ ಮೇಕೆಗಳ ರಕ್ತ ಪರೀಕ್ಷಿಸಿ ಮೂಲ ಅಲ್ಲಿದೆ ಅಂತ ತೋರಿಸಿದರು. ಮುಂದಿನ ವರ್ಷ ಸೈನಿಕರಿಗೆ ಮೇಕೆ ಹಾಲು ನಿಲ್ಲಿಸಿದ ಮೇಲೆ ಜ್ವರ ಅವರಲ್ಲಿ ಕುಸಿದುಬಿತ್ತು. ನಮ್ಮಲ್ಲೂ ಇದು ಅಪರೂಪದ ಕಾಯಿಲೆಯೇನಲ್ಲ. ವಿಜಯಪುರದಲ್ಲಿ ಡಾ. ಬಸಪ್ಪ ಮಂಟೂರ ಮತ್ತು ಅವರ ಸಹೋದ್ಯೋಗಿಗಳು 16 ವರ್ಷಗಳಲ್ಲಿ ಕಂಡ ಸುಮಾರು ಐನೂರು ವಯಸ್ಕ ರೋಗಿಗಳ ಬಗ್ಗೆ 2006ರಲ್ಲಿ ಬರೆದಿದ್ದಾರೆ. ಹುಡುಕಿದ ಕಡೆ ಸಿಗುತ್ತೆ, ಅಷ್ಟೇ.

ಈಗ ಆ 'ಇಳಿದರೆ ಅದೇ' ತರ್ಕಕ್ಕೆ ಬರೋಣ. ಬ್ರೂಸೆಲ್ಲೋಸಿಸ್‌ಗೆ ಅಲೆಜ್ವರ ಅಂತ ಇನ್ನೊಂದು ಹೆಸರು ಇಟ್ಟರೂ ತಪ್ಪಿಲ್ಲ. ಚಿಕಿತ್ಸೆಯೇ ಇಲ್ಲದಿದ್ದರೂ ಅದು ವಾರಗಟ್ಟಲೆ ಏರಿ, ತಾನಾಗಿ ಇಳಿದು, ಸ್ವಲ್ಪ ದಿನ ಬಿಟ್ಟು ಮತ್ತೆ ಏರುತ್ತೆ. ಜನ ಡಾಕ್ಟರ ಹತ್ತಿರ ಹೋಗೋದು ಅಲೆ ಏರಿದಾಗ. ಆಗ ಯಾವ ಔಷಧಿ ಕೊಟ್ಟರೂ, ಒಂದು ವಾರಕ್ಕೆ ಅಲೆ ಇಳಿಯುವ ಹೊತ್ತಿಗೆ ಆ ಔಷಧಿಗೆ ಕೀರ್ತಿ ಬರುತ್ತೆ. ಟೈಫಾಯ್ಡ್ ಮಾತ್ರೆಗೆ ಒಂದು ಸಲ ಬಂತು, ಡ್ರಿಪ್‌ಗೆ ಒಂದು ಸಲ ಬಂತು. ಕೆಲವು ಆಂಟಿಬಯಾಟಿಕ್ ಕ್ರಿಮಿಯನ್ನ ಸ್ವಲ್ಪ ಮಟ್ಟಿಗೆ ಅದುಮುತ್ತವೆ ಕೂಡ. ಆದರೆ ಬ್ರೂಸೆಲ್ಲಾ ನಮ್ಮ ಜೀವಕೋಶಗಳ ಒಳಗೇ ಅಡಗಿ ಕೂರೋ ಜಾತಿ. ಒಂದು ವಾರದ ಔಷಧಿಗೆ ಅದು ಜಗ್ಗೋದಿಲ್ಲ.

ಟಿಬಿ ಮಾತ್ರೆಯ ವಿಷಯ ಇನ್ನೂ ಸೂಕ್ಷ್ಮ. ಟಿಬಿಗೆ ಕೊಡೋ ನಾಲ್ಕು ಔಷಧಿಗಳಲ್ಲಿ ಒಂದು ರಿಫಾಂಪಿಸಿನ್. ಅದು ಬ್ರೂಸೆಲ್ಲಾದ ಮೇಲೂ ಕೆಲಸ ಮಾಡುತ್ತೆ. ಚಿಕ್ಕಪ್ಪನಿಗೆ ಆ ಮಾತ್ರೆ ಶುರು ಮಾಡಿದ್ದರೆ ಜ್ವರ ಇಳಿಯೋ ಸಾಧ್ಯತೆ ಚೆನ್ನಾಗಿಯೇ ಇತ್ತು. "ನೋಡಿ, ಟಿಬಿನೇ" ಅನ್ನೋ ತೀರ್ಪು ಬರುತ್ತಿತ್ತು. ಜೊತೆಗೆ ಬೇಕಾದ ಇನ್ನೊಂದು ಔಷಧಿ ಇಲ್ಲದೆ ಕಾಯಿಲೆ ಪೂರ್ತಿ ವಾಸಿಯಾಗದೆ, ಆರು ತಿಂಗಳ ಕೋರ್ಸಿನ ನಡುವೆಯೋ ಆಮೇಲೋ ಮರುಕಳಿಸಿದಾಗ "ಔಷಧಿಗೆ ಬಗ್ಗದ ಟಿಬಿ" ಅನ್ನೋ ಇನ್ನೂ ದೊಡ್ಡ ಲೇಬಲ್ ಬೀಳಬಹುದಿತ್ತು.

ವೈಡಲ್ ಕಥೆಯೂ ಇದರ ತಮ್ಮನೇ. ಅದು ಹುಡುಕೋದು ಟೈಫಾಯ್ಡ್ ಕ್ರಿಮಿಯನ್ನಲ್ಲ, ಅದರ ವಿರುದ್ಧ ಮೈ ಮಾಡಿಕೊಂಡ ಪ್ರತಿಕಾಯಗಳನ್ನ. ಟೈಫಾಯ್ಡ್ ಮಾಮೂಲಾಗಿರೋ ನಮ್ಮ ಕಡೆ ಹಳೆಯ ಸೋಂಕಿನ ಪ್ರತಿಕಾಯ ಎಷ್ಟೋ ಜನರ ರಕ್ತದಲ್ಲಿ ಇದ್ದೇ ಇರುತ್ತೆ. ಒಂದೇ ಒಂದು ವೈಡಲ್ ರಿಪೋರ್ಟಿನಿಂದ ಟೈಫಾಯ್ಡ್ ಅನ್ನೋಕಾಗಲ್ಲ. ಔಷಧಿಗೆ ಮುಂಚೆ ತೆಗೆದ ರಕ್ತದ ಕಲ್ಚರ್ ಹೆಚ್ಚು ನಂಬಿಕಸ್ಥ ಸಾಕ್ಷಿ.

ಮೂರನೇ ಹಂತ ಮೈ ಪರೀಕ್ಷೆ, ಅದೂ ದಿನಾ. ನಿನ್ನೆ ಇಲ್ಲದ ಗುರುತು ಇವತ್ತು ಮೂಡಿರಬಹುದು. ಕಂಕುಳು, ತೊಡೆಸಂದು, ಸೊಂಟಪಟ್ಟಿಯ ಕೆಳಗೆ ಬ್ಯಾಟರಿ ಬಿಟ್ಟು ನೋಡಿದರು. ಸ್ಕ್ರಬ್ ಟೈಫಸ್ ಇದ್ದರೆ ಹುಳ ಕಚ್ಚಿದ ಕಡೆ ಸಿಗರೇಟಿನಿಂದ ಸುಟ್ಟಂಥ ಕಪ್ಪು ಕಲೆ ಇರಬಹುದು, ನೋವಿಲ್ಲದ ಕಾರಣ ರೋಗಿಗೆ ಗೊತ್ತೇ ಇರೋದಿಲ್ಲ. ಕಲೆ ಇರಲಿಲ್ಲ. ಗಂಟುಗಳಿಲ್ಲ, ಹೃದಯದಲ್ಲಿ ಅಸಹಜ ಶಬ್ದ ಇಲ್ಲ. ಗುಲ್ಮ ಪಕ್ಕೆಲುಬಿನ ಕೆಳಗೆ ಎರಡು ಬೆರಳಿನಷ್ಟು ಸಿಕ್ಕಿತು. ಸೊಂಟದ ಬಲಗಡೆ, ಬೆನ್ನುಮೂಳೆ ಸೊಂಟದೆಲುಬನ್ನು ಸೇರೋ ಕೀಲನ್ನ ಒತ್ತಿದಾಗ ಚಿಕ್ಕಪ್ಪ ಚೀರಿದರು. ಬ್ರೂಸೆಲ್ಲಾ ಕೂರೋ ಮೆಚ್ಚಿನ ಜಾಗಗಳಲ್ಲಿ ಆ ಕೀಲೂ ಒಂದು.

ನಾಲ್ಕನೇ ಹಂತದಲ್ಲಿ ಎಲ್ಲ ದೀರ್ಘ ಜ್ವರಗಳಿಗೂ ಮಾಡೋ ಮೂಲ ಪರೀಕ್ಷೆಗಳು: ರಕ್ತಕಣಗಳ ಎಣಿಕೆ, ಇಎಸ್ಆರ್, ಲಿವರ್, ಕಿಡ್ನಿ, ಮೂತ್ರ, ಎಚ್‌ಐವಿ, ಹೊಟ್ಟೆಯ ಸ್ಕ್ಯಾನ್. ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಕಡೆ ಚುಚ್ಚಿ ಮೂರು ಸಲ ರಕ್ತದ ಕಲ್ಚರ್. ಬಿಳಿರಕ್ತಕಣ 4,600, ಅಂದರೆ ಸಾಮಾನ್ಯ. ಕೀವು ಕಟ್ಟಿದ್ದರೆ ಹೆಚ್ಚಿರಬೇಕಿತ್ತು. ಇಎಸ್ಆರ್ 48, ಸ್ವಲ್ಪ ಹೆಚ್ಚು. ಲಿವರ್ ಸ್ವಲ್ಪ ಏರುಪೇರು. ಇವು ಯಾವುದೂ ಹೆಸರು ಹೇಳಲಿಲ್ಲ, ಆದರೆ ಅಡಿಗೆರೆ ಎಳೆದ ಹೆಸರಿಗೆ ಅಡ್ಡವೂ ಬರಲಿಲ್ಲ.

ಐದನೇ ಹಂತ, ಸಿಕ್ಕ ಸುಳಿವಿನ ಜಾಡು ಹಿಡಿದು ಮಾಡೋ ಪರೀಕ್ಷೆ. ಇಲ್ಲಿ ಡಾಕ್ಟರಮ್ಮ ಲ್ಯಾಬಿಗೆ ತಾವೇ ಫೋನ್ ಮಾಡಿದ್ದನ್ನ ನಾನು ಮರೆಯೋದಿಲ್ಲ. ಮೂರು ಮಾತು ಹೇಳಿದರು. "ಬ್ರೂಸೆಲ್ಲಾ ಅನುಮಾನ ಇದೆ, ಬಾಟಲಿ ತೆರೆಯೋರು ಜಾಗ್ರತೆ." ಯಾಕಂದರೆ ಲ್ಯಾಬಿನವರಿಗೇ ಉಸಿರಿನ ಮೂಲಕ ಅಂಟೋ ಸೋಂಕುಗಳಲ್ಲಿ ಇದು ಮುಂಚೂಣಿಯಲ್ಲಿದೆ. "ಐದು ದಿನಕ್ಕೆ ಬಾಟಲಿ ಬಿಸಾಕಬೇಡಿ." ಮಾಮೂಲಿ ಕ್ರಿಮಿಗಳು ಅಷ್ಟರಲ್ಲಿ ಬೆಳೆಯುತ್ತವೆ, ಇದು ನಿಧಾನ. "ಪ್ರತಿಕಾಯ ಪರೀಕ್ಷೆಯನ್ನ ಮೊದಲೆರಡು ಟ್ಯೂಬಿಗೆ ನಿಲ್ಲಿಸಬೇಡಿ, ಕೊನೆ ತನಕ ಹೋಗಿ."

ಈ ಮೂರನೇ ಮಾತು ನನಗೆ ತಿಳಿಯಲಿಲ್ಲ. ಆಮೇಲೆ ವಿವರಿಸಿದರು. ರೋಗಿಯ ರಕ್ತದ ಸೀರಮ್ಮನ್ನ ಹಂತಹಂತವಾಗಿ ತೆಳು ಮಾಡಿ, 20ರಲ್ಲಿ ಒಂದು ಪಾಲು, 40ರಲ್ಲಿ ಒಂದು, 80ರಲ್ಲಿ ಒಂದು, ಹೀಗೆ ಟ್ಯೂಬುಗಳಿಗೆ ಹಾಕಿ ಬ್ರೂಸೆಲ್ಲಾ ಕಣಗಳನ್ನ ಸೇರಿಸ್ತಾರೆ. ಪ್ರತಿಕಾಯ ಇದ್ದರೆ ಕಣಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಎಷ್ಟು ತೆಳು ಮಾಡಿದರೂ ಅಂಟುತ್ತಿದ್ದರೆ ಅಷ್ಟು ಹೆಚ್ಚು ಪ್ರತಿಕಾಯ. ಆದರೆ ಪ್ರತಿಕಾಯ ಅತಿಯಾಗಿದ್ದಾಗ ಮೊದಲ ಟ್ಯೂಬುಗಳಲ್ಲಿ ಪ್ರತಿ ಕಣಕ್ಕೂ ಬೇಕಾದ್ದಕ್ಕಿಂತ ಹೆಚ್ಚು ಮೆತ್ತಿಕೊಂಡು, ಎರಡು ಕಣಗಳ ನಡುವೆ ಸೇತುವೆಯೇ ಆಗೋದಿಲ್ಲ. ಜೋರಾದ ಕಾಯಿಲೆ 'ಇಲ್ಲ' ಅಂತ ಕಾಣುತ್ತೆ. ಚಿಕ್ಕಪ್ಪನ ರಕ್ತದಲ್ಲಿ ಆದದ್ದು ಅದೇ. ಮೊದಲೆರಡು ಟ್ಯೂಬು ಖಾಲಿ, 80ರಿಂದ ಶುರುವಾಗಿ 640ರವರೆಗೂ ಗುಂಪು. ರೋಗಲಕ್ಷಣ ಹೊಂದುತ್ತಿದ್ದರೆ 160ಕ್ಕೇ ಗಂಭೀರವಾಗಿ ತಗೋತಾರೆ. ಆರನೇ ದಿನ ಕಲ್ಚರ್ ಬಾಟಲಿಯಲ್ಲೂ ಬೆಳೀತು: ಬ್ರೂಸೆಲ್ಲಾ ಮೆಲಿಟೆನ್ಸಿಸ್, ಕುರಿ ಮೇಕೆಯದೇ ಜಾತಿ. ಐದಕ್ಕೆ ಬಿಸಾಕಿದ್ದರೆ ಅದೂ ಹೋಗಿರುತ್ತಿತ್ತು.

ಈ ಆರು ದಿನದಲ್ಲಿ ಅವರು ಉಳಿದ ಖಾನೆಗಳನ್ನ ಮುಚ್ಚಿರಲಿಲ್ಲ ಅನ್ನೋದನ್ನ ಹೇಳಲೇಬೇಕು. ಟಿಬಿಗಾಗಿ ಹೊಟ್ಟೆ, ಎದೆಯ ಸಿಟಿ ಸ್ಕ್ಯಾನ್ ಆಯ್ತು, ಬೆನ್ನಿನ ಎಂಆರ್‌ಐ ಆಯ್ತು, ಹೃದಯದ ಎಕೋ ಆಯ್ತು. "ಕುರಿ ಅಂದ ತಕ್ಷಣ ಬ್ರೂಸೆಲ್ಲಾ ಅಂದ್ರೆ, ವೈಡಲ್ ಕಂಡ ತಕ್ಷಣ ಟೈಫಾಯ್ಡ್ ಅಂದ ಹಾಗೇ ಅಲ್ವೇನಪ್ಪಾ?" ಅಂದರು. ಬೆನ್ನುಮೂಳೆ ಸರಿ ಇತ್ತು, ಬಲಗಡೆಯ ಆ ಕೀಲಿನಲ್ಲಿ ಮಾತ್ರ ಊತ. ಕವಾಟಗಳು ಸ್ವಚ್ಛ. ಈ ಕಾಯಿಲೆಯಲ್ಲಿ ಸಾವು ಅಪರೂಪ, ಆದರೆ ಸತ್ತರೆ ಹೆಚ್ಚಾಗಿ ಹೃದಯದ ಕವಾಟ ಹಾಳಾಗಿಯೇ.

ಈ ಹಂತದಲ್ಲೂ ಸುಳಿವು ಸಿಗದಿದ್ದರೆ? ಮೂಳೆಮಜ್ಜೆ ಪರೀಕ್ಷೆ, ಎಲ್ಲಿ ಅಸಹಜ ಚಟುವಟಿಕೆ ಇದೆ ಅಂತ ಇಡೀ ಮೈಯಲ್ಲಿ ಹುಡುಕೋ ಪೆಟ್ ಸ್ಕ್ಯಾನ್, ಅದು ತೋರಿಸಿದ ಜಾಗದಿಂದ ಚೂರು ತೆಗೆದು ನೋಡೋದು. ಅದೂ ಬರಿಗೈ ಆದರೆ, ರೋಗಿ ಸ್ಥಿರವಾಗಿದ್ದರೆ, ಕಾಯೋದು. ಕತ್ತಲಲ್ಲಿ ಸ್ಟಿರಾಯ್ಡ್ ಕೊಡೋದಲ್ಲ. ಸ್ಟಿರಾಯ್ಡ್ ಹೆಚ್ಚಿನ ಜ್ವರಗಳನ್ನ ಇಳಿಸಿಬಿಡುತ್ತೆ, ಸೋಂಕಿದ್ದರೆ ಒಳಗೆ ಹರಡೋಕೆ ಬಿಡುತ್ತೆ, ಲಿಂಫೋಮಾ ಇದ್ದರೆ ಅದರ ಗುರುತನ್ನೇ ಮಸುಕು ಮಾಡುತ್ತೆ. ಕಾಯಬಾರದ ಸಂದರ್ಭಗಳೂ ಇವೆ. ಬಿಪಿ ಬೀಳ್ತಿದೆ, ಬಿಳಿರಕ್ತಕಣ ತೀರಾ ಕಡಿಮೆ ಇದೆ, ಅಥವಾ ವಯಸ್ಸಾದವರಿಗೆ ಕಣತಲೆ ನೋವಿನ ಜೊತೆ ಕಣ್ಣು ಮಂಜಾಗ್ತಿದೆ ಅಂದರೆ ರಿಪೋರ್ಟಿಗೆ ಕಾಯದೆ ಚಿಕಿತ್ಸೆ ಶುರು ಮಾಡ್ತಾರೆ.

ಚಿಕ್ಕಪ್ಪನಿಗೆ ಡಾಕ್ಸಿಸೈಕ್ಲಿನ್ ದಿನಕ್ಕೆರಡು, ಆರು ವಾರ. ಜೊತೆಗೆ ಮೊದಲ ವಾರ ಜೆಂಟಾಮೈಸಿನ್ ಇಂಜೆಕ್ಷನ್, ಕಿಡ್ನಿ ಪರೀಕ್ಷೆ ನೋಡಿಕೊಂಡು. ಡಾಕ್ಸಿಸೈಕ್ಲಿನ್ ಜೊತೆ ರಿಫಾಂಪಿಸಿನ್ ಕೊಡೋ ಕ್ರಮವೂ ಇದೆ. ಟಿಬಿ ಇಷ್ಟು ಇರೋ ಊರಲ್ಲಿ ಅದನ್ನ ಟಿಬಿಗೇ ಉಳಿಸೋಣ ಅಂತ ಡಾಕ್ಟರಮ್ಮನ ಲೆಕ್ಕ. ಐದನೇ ದಿನಕ್ಕೆ ಜ್ವರ ಇಳೀತು. ಈ ಸಲ ಯಾರೂ ಉಸ್ಸಪ್ಪಾ ಅನ್ನಲಿಲ್ಲ. "ಇಳಿದಿದೆ ಅಂತ ಮಾತ್ರೆ ಬಿಟ್ರೆ ಮತ್ತೆ ಬರುತ್ತೆ ಯಜಮಾನ್ರೇ, ನಲವತ್ತೆರಡು ದಿನ ಎಣಿಸಿ" ಅಂತ ಕಳಿಸಿದರು. ಚಿಕ್ಕಮ್ಮನ ರಕ್ತವನ್ನೂ ನೋಡಿಸಿದರು. ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಬರೋದು ತೀರಾ ಅಪರೂಪ, ಆದರೆ ಕುರಿ ಈಯುವಾಗ ಲಾಟೀನು ಹಿಡಿದು ನಿಂತವರು ಅವರೇ. ಅವರಿಗೂ ಇತ್ತು. ಮಂಡಿನೋವು, ಸುಸ್ತು ವಯಸ್ಸಿನದು ಅಂತ ಸುಮ್ಮನಿದ್ದರು.

ಊರಿಗೆ ಹೋದ ಮೇಲೆ ಉಳಿದ ಪ್ರಶ್ನೆ ಕುರಿಗಳದ್ದು. ಕಂದು ಹಾಕಿದ ಎಂಟರಲ್ಲಿ ಎರಡು ಆಗಲೇ ಆಸ್ಪತ್ರೆ ಖರ್ಚಿಗೆ ಶಿರಾದ ಸಂತೆಯಲ್ಲಿ ಹೋಗಿದ್ದವು, ಯಾರ ರೊಪ್ಪಕ್ಕೋ ಗೊತ್ತಿಲ್ಲ. ಪಶುವೈದ್ಯರು ಉಳಿದವುಗಳ ರಕ್ತ ತೆಗೆದು ಕಳಿಸಿದರು, ಆ ಆರೂ ಸೇರಿ ಒಂಬತ್ತಕ್ಕೆ ಕಂದುರೋಗ ಇತ್ತು. ಕುರಿಗೆ ಇದಕ್ಕೆ ಔಷಧಿ ಕೊಟ್ಟು ವಾಸಿ ಮಾಡೋ ಪದ್ಧತಿ ಇಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಕಾರ್ಯಕ್ರಮದಲ್ಲಿ ಬ್ರೂಸೆಲ್ಲಾ ಲಸಿಕೆ ಇರೋದು 4ರಿಂದ 8 ತಿಂಗಳ ಹೆಣ್ಣು ದನದ ಕರು, ಎಮ್ಮೆ ಕರುಗಳಿಗೆ. ಕುರಿ ಮೇಕೆಗೆ ಅದರಲ್ಲಿ ಜಾಗವಿಲ್ಲ.

"ಯಾರ್ಗೂ ಹೇಳ್ಬ್ಯಾಡ, ಸಂತೆಗ್ ಹೊಡಿ" ಅಂದವರು ಊರಲ್ಲಿ ಒಬ್ಬಿಬ್ಬರಲ್ಲ. ಅವರನ್ನ ಬೈಯೋಕೆ ನನಗೆ ಬಾಯಿ ಬರಲಿಲ್ಲ, ಒಂಬತ್ತು ಕುರಿ ಅಂದರೆ ಆ ಮನೆಯ ಒಂದು ವರ್ಷದ ಸ್ಕೂಲ್ ಫೀಸು. ಚಿಕ್ಕಪ್ಪ ಎರಡು ದಿನ ಏನೂ ಮಾತಾಡಲಿಲ್ಲ. ಮೂರನೇ ದಿನ ಹೊಲದ ಆ ಬದಿಯಲ್ಲಿ ಮುಳ್ಳು ಹಾಕಿ ಬೇರೆ ರೊಪ್ಪ ಕಟ್ಟಿದರು. "ಇಷ್ಟ್ ದಿನ ಗೊತ್ತಿರ್ಲಿಲ್ಲ, ಮಾರ್ದೆ. ಈಗ ಗೊತ್ತಾಗ್ಯೂ ಇನ್ನೊಬ್ನ ರೊಪ್ಪಕ್ಕೆ ಜರ ಮಾರಕ್ಕಾಗ್ತದೇನ್ಲಾ ಮಗಾ?" ಅಂದರು. ಹಾಗಂತ ಅವು ಪುಕ್ಕಟೆ ಬದುಕೋದಿಲ್ಲ. ಮೇವು ತಿನ್ನುತ್ತವೆ, ಅವುಗಳ ನಡುವೆ ಟಗರು ಬಿಡೋ ಹಾಗಿಲ್ಲ, ಮರಿ ಇಲ್ಲ. ಆ ಲೆಕ್ಕ ಅವರ ಮುಖದಲ್ಲಿ ಈಗಲೂ ಕಾಣುತ್ತೆ.

ಈಗ ಕುರಿ ಈಯೋ ಕಾಲ ಬಂದರೆ ನಾನು ಬೆಂಗಳೂರಿನಿಂದ ಮೊಣಕೈವರೆಗಿನ ಗ್ಲೌಸ್ ತಗೊಂಡು ಹೋಗ್ತೀನಿ. ಬಿದ್ದ ಮಾಸನ್ನ ನಾಯಿಗೆ ಸಿಗದ ಹಾಗೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ತಾರೆ. ನೊರೆಹಾಲು ಬಂದ್, ಇದಕ್ಕೆ ಚಿಕ್ಕಪ್ಪ ಇನ್ನೂ ಗೊಣಗ್ತಾರೆ.

ನಿಮ್ಮ ಮನೆಯಲ್ಲಿ, ಅದರಲ್ಲೂ ಊರಲ್ಲಿರೋ ಅಪ್ಪ ಅಮ್ಮನಿಗೆ, ಜ್ವರ ಮೂರು ವಾರ ದಾಟಿದರೆ ರಿಪೋರ್ಟಿನ ಕಡತದ ಮೇಲೆ ಒಂದೇ ಒಂದು ಹಾಳೆ ಇಟ್ಟು ಕಳಿಸಿ. ಜ್ವರ ಶುರುವಾದ ತಾರೀಖು, ದಿನದ ಯಾವ ಹೊತ್ತಿಗೆ ಎಷ್ಟು ಡಿಗ್ರಿ, ಯಾವ ಔಷಧಿ ಯಾವತ್ತಿಂದ ಯಾವತ್ತಿನವರೆಗೆ, ತೂಕ ಎಷ್ಟು ಇಳಿದಿದೆ. ಕೊನೆಯ ಸಾಲಿನಲ್ಲಿ ಅವರು ದಿನಾ ಮುಟ್ಟೋದು ಏನನ್ನ, ಯಾವ ಪ್ರಾಣಿಯನ್ನ, ಯಾವ ಹಾಲನ್ನ ಅಂತ. 'ಕೃಷಿಕ' ಅಂತ ಬರೆದು ನಿಲ್ಲಿಸಬೇಡಿ.

ಈ ಕಾಯಿಲೆ ಮರುಕಳಿಸೋದಿದ್ದರೆ ಹೆಚ್ಚಾಗಿ ಮೊದಲ ವರ್ಷದೊಳಗೇ. ಚಿಕ್ಕಪ್ಪನಿಗೆ ಈಗ ಎಂಟು ತಿಂಗಳಾಯ್ತು. ಕೊಡಿಸಿದ ಥರ್ಮಾಮೀಟರನ್ನ ದೇವರ ಗೂಡಿನಲ್ಲಿ ಇಟ್ಟಿದ್ದಾರೆ, ಪ್ರತಿ ಭಾನುವಾರ ಸಂಜೆ ಫೋನ್ ಮಾಡಿ ಮೊದಲು ನಂಬರ್ ಹೇಳ್ತಾರೆ, ಆಮೇಲೆ ಮಳೆ ಸುದ್ದಿ. ಈ ವಾರ 98.2.